ಎರಡು ನೀಲಿ ಟಿಕ್ ಬಿದ್ದರೂ ಬಾರದ ಮದುವೆ ಫೋಟೊ: ದೋಷ ಹುಡುಕುವ ಬಗೆ, ಮತ್ತೆ ಕಳುಹಿಸಲು ಕೇಳುವ ಬಗೆ

ಮೇ ತಿಂಗಳ ಒಂದು ಭಾನುವಾರ ಉಡುಪಿಯ ಸಭಾಭವನವೊಂದರಲ್ಲಿ ನನ್ನ ಗೆಳತಿಯ ತಂಗಿಯ ಮದುವೆ ನಡೆಯಿತು. ಧಾರೆ ಮುಗಿದ ಮೇಲೆ ಮದುಮಗಳು ಮಂಟಪದಿಂದ ಇಳಿದು ಬಂದು, ಚಿಕ್ಕಂದಿನಲ್ಲಿ ತನ್ನನ್ನು ಎತ್ತಿ ಆಡಿಸಿದ್ದ ನನ್ನ ಅಮ್ಮನ ಕೈ ಹಿಡಿದು ನಿಂತಳು. ಅಮ್ಮನ ಮುಡಿಯಲ್ಲಿ ಶಂಕರಪುರದ ಮಲ್ಲಿಗೆ ಇತ್ತು. ಗೆಳತಿ ಆ ಗಳಿಗೆಯನ್ನು ತನ್ನ ಫೋನಿನಲ್ಲಿ ಹಿಡಿದಳು. ಸಂಜೆ ನಾವು ಬಸ್ಸಿನಲ್ಲಿ ಮಂಗಳೂರಿಗೆ ಮರಳುತ್ತಿದ್ದಾಗಲೇ ಆಕೆ ವಾಟ್ಸಾಪಿನಲ್ಲಿ 11 ಫೋಟೊಗಳನ್ನು ಕಳುಹಿಸಿದ್ದಳು. 6 ವಾರಗಳ ನಂತರ, ಆ ಚಿತ್ರಕ್ಕೆ ಕಟ್ಟು ಹಾಕಿಸಿಕೊಡು ಎಂದು ಅಮ್ಮ ಕೇಳಿದಾಗಲೇ ಅದು ನನ್ನ ಬಳಿ ಇಲ್ಲವೆಂದು ನನಗೆ ತಿಳಿದದ್ದು.

“ಆ ಫೋಟೊ ಬರಲೇ ಇಲ್ಲ, ಇನ್ನೊಮ್ಮೆ ಕಳುಹಿಸು” ಎಂದು ಬರೆದೆ. “ಎಲ್ಲದಕ್ಕೂ ಎರಡು ನೀಲಿ ಟಿಕ್ ಬಿದ್ದಿದೆಯಲ್ಲ ಮಾರಾಯ್ತಿ, ಸರಿಯಾಗಿ ನೋಡು” ಎಂದು ಉತ್ತರ ಬಂತು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಎರಡು ನಿಜಗಳು ಹೀಗೆ ಎದುರುಬದುರಾದದ್ದು ಏಕೆ ಎಂಬುದು ತಿಳಿದರೆ ದೋಷವೂ ಸಿಗುತ್ತದೆ, ಬರೆಯಬೇಕಾದ ಮೆಸೇಜೂ ತಾನಾಗಿ ಹೊಳೆಯುತ್ತದೆ.

ಟಿಕ್ ಹೇಳುವುದು ಏನನ್ನು

ವಾಟ್ಸಾಪಿನಲ್ಲಿ ಒಂದು ಫೋಟೊ ಕಳುಹಿಸಿದಾಗ ಎರಡು ವಸ್ತುಗಳು ಪ್ರಯಾಣ ಮಾಡುತ್ತವೆ. ಒಂದು, “ಇಲ್ಲೊಂದು ಫೋಟೊ ಇದೆ” ಎಂದು ತಿಳಿಸುವ ಪುಟ್ಟ ಮೆಸೇಜು. ಅದರ ಜೊತೆಗೆ ಮಸುಕಾದ ಚಿಕ್ಕ ನೆರಳು ಚಿತ್ರವೂ ಇರುತ್ತದೆ. ಇನ್ನೊಂದು ಫೋಟೊದ ನಿಜವಾದ ಫೈಲು. ಕಳುಹಿಸಿದವರ ಫೋನು ಫೈಲಿಗೆ ಗುಪ್ತಲಿಪಿಯ ಬೀಗ ಹಾಕಿ ಸರ್ವರಿಗೆ ಏರಿಸುತ್ತದೆ, ಪಡೆಯುವವರ ಫೋನು ಅಲ್ಲಿಂದ ಅದನ್ನು ಇಳಿಸಿಕೊಳ್ಳಬೇಕು. ಟಿಕ್‌ಗಳು ಲೆಕ್ಕ ಇಡುವುದು ಮೊದಲನೆಯದನ್ನು ಮಾತ್ರ. ಗಡಿಯಾರದ ಗುರುತು ಇದ್ದರೆ ಮೆಸೇಜು ಇನ್ನೂ ಆ ಫೋನಿನಿಂದಲೇ ಹೊರಟಿಲ್ಲ. ಒಂದು ಟಿಕ್ ಎಂದರೆ ಸರ್ವರಿಗೆ ಮುಟ್ಟಿದೆ, ಎರಡು ಬೂದು ಟಿಕ್ ಎಂದರೆ ಪಡೆಯುವವರ ಫೋನಿಗೆ ಮುಟ್ಟಿದೆ, ಎರಡೂ ನೀಲಿಯಾದರೆ ಅವರು ಆ ಚಾಟನ್ನು ತೆರೆದಿದ್ದಾರೆ. ಫೋಟೊ ಪೂರ್ತಿಯಾಗಿ ಇಳಿದಿದೆಯೇ ಎಂಬುದನ್ನು ಈ ಯಾವ ಗುರುತೂ ಹೇಳುವುದಿಲ್ಲ. ಮಸುಕು ಚೌಕದ ನಡುವೆ ಕೆಳಮುಖ ಬಾಣ ನಿಂತಿದ್ದರೂ, ನೀವು ಚಾಟ್ ತೆರೆದು ನೋಡಿದ್ದೀರಿ ಎಂದಾದರೆ ಎದುರಿನವರಿಗೆ ನೀಲಿ ಟಿಕ್ ಕಾಣುತ್ತದೆ. ನನಗೆ ಆದದ್ದು ಇದೇ.

ಮೊದಲು ನಿಮ್ಮ ಚಾಟಿನಲ್ಲೇ ಹುಡುಕಿ

ಬಂದಿಲ್ಲ ಎಂದು ಬರೆಯುವ ಮುನ್ನ, ಎಲ್ಲಿ ಬಂದಿಲ್ಲ ಎಂದು ನಮಗೆ ನಾವೇ ಕೇಳಿಕೊಳ್ಳಬೇಕು. ಹೆಚ್ಚಿನವರು ಫೋನಿನ ಗ್ಯಾಲರಿಯಲ್ಲಿ ನೋಡಿ ಇಲ್ಲ ಎನ್ನುತ್ತಾರೆ. ವಾಟ್ಸಾಪಿನಲ್ಲಿ `Media visibility` ಎಂಬ ಆಯ್ಕೆ ಆಫ್ ಆಗಿದ್ದರೆ ಫೋಟೊ ಚಾಟಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಗ್ಯಾಲರಿಯಲ್ಲಿ ಮಾತ್ರ ಸುಳಿವಿರುವುದಿಲ್ಲ. ಆದ್ದರಿಂದ ಗೆಳತಿಯ ಹೆಸರಿನ ಮೇಲೆ ಒತ್ತಿ, ಆಕೆ ಕಳುಹಿಸಿದ ಚಿತ್ರಗಳೆಲ್ಲ ಒಟ್ಟಾಗಿ ಕಾಣುವ ಪುಟದಲ್ಲಿ ಆ ದಿನದವರೆಗೆ ಹಿಂದೆ ಸರಿದು ನೋಡಬೇಕು. ಅಲ್ಲಿ ಸಿಕ್ಕಿದರೆ ಯಾರಿಗೂ ತೊಂದರೆ ಕೊಡದೆ ಕೆಲಸ ಮುಗಿಯಿತು.

ಅಲ್ಲೂ ಇಲ್ಲ, ಚಾಟಿನಲ್ಲಿ ಆ ದಿನದ ಜಾಗದಲ್ಲಿ ಮಸುಕು ಚೌಕವಾಗಲಿ ಮೆಸೇಜಿನ ಕುರುಹಾಗಲಿ ಇಲ್ಲ ಎಂದಾದರೆ ಅದು ಬೇರೆ ಜಾತಿಯ ದೋಷ. ಆಗ ಮೆಸೇಜೇ ನಿಮ್ಮ ಫೋನಿಗೆ ಬಂದಿಲ್ಲ, ಅಥವಾ ಬಂದು ಹೋಗಿದೆ. ಬಂದು ಹೋಗಲು ಎರಡು ಸಾಮಾನ್ಯ ಕಾರಣಗಳಿವೆ. ಚಾಟಿನಲ್ಲಿ ತಾನಾಗಿ ಅಳಿಯುವ ಮೆಸೇಜಿನ ವ್ಯವಸ್ಥೆ ಇದ್ದರೆ ಅದು 24 ಗಂಟೆ, 7 ದಿನ ಅಥವಾ 90 ದಿನಕ್ಕೆ, ಆನ್ ಮಾಡಿದ ಮೇಲೆ ಬಂದ ಮೆಸೇಜುಗಳನ್ನು ಅಳಿಸುತ್ತದೆ. ಅದನ್ನು ಆನ್ ಮಾಡಿದಾಗ ಚಾಟಿನ ನಡುವೆಯೇ ಒಂದು ಸೂಚನೆ ಬಿದ್ದಿರುತ್ತದೆ. ಒಮ್ಮೆ ಮಾತ್ರ ನೋಡಬಹುದಾದ ಫೋಟೊ ಆಗಿ ಕಳುಹಿಸಿದ್ದರೆ, ತೆರೆದು ಮುಚ್ಚಿದ ಕೂಡಲೇ ಅದು ಹೋಗುತ್ತದೆ, 14 ದಿನ ತೆರೆಯದಿದ್ದರೂ ಹೋಗುತ್ತದೆ. ಮೆಸೇಜೇ ಬಂದಿಲ್ಲ ಎಂಬ ಸಂಶಯ ಇದ್ದರೆ ಗೆಳತಿಗೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ನಿನಗೆ ಕಾಣುವುದು ಒಂದು ಟಿಕ್ಕೋ, ಎರಡೋ?

ಒಂದೇ ಟಿಕ್ ದಿನಗಟ್ಟಲೆ ನಿಂತಿದ್ದರೆ ಪಡೆಯುವ ಫೋನು ನೆಟ್‌ವರ್ಕಿಗೆ ಬಂದಿಲ್ಲ, ಅಥವಾ ಕಳುಹಿಸಿದ್ದು ಈಗ ಬಳಕೆಯಲ್ಲಿ ಇಲ್ಲದ ನಂಬರಿಗೆ, ಅಥವಾ ಪಡೆಯುವವರು ಕಳುಹಿಸಿದವರನ್ನು ಬ್ಲಾಕ್ ಮಾಡಿದ್ದಾರೆ. ತಲುಪದ ಮೆಸೇಜನ್ನು ವಾಟ್ಸಾಪಿನ ಸರ್ವರ್ 30 ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತದೆ, ಆದ್ದರಿಂದ ಒಂದು ತಿಂಗಳು ದಾಟಿದ ಒಂಟಿ ಟಿಕ್ ಎರಡಾಗುವುದೆಂದು ಕಾಯುವುದರಲ್ಲಿ ಅರ್ಥವಿಲ್ಲ. ಎರಡು ಟಿಕ್ ಇದ್ದೂ ನಿಮ್ಮಲ್ಲಿ ಮೆಸೇಜಿನ ಕುರುಹೇ ಇಲ್ಲವಾದರೆ ನಂಬರನ್ನು ಅಂಕಿ ಅಂಕಿಯಾಗಿ ಓದಿ ಹೋಲಿಸಲೇಬೇಕು. ನಮ್ಮ ದೇಶದಲ್ಲಿ ಬಿಟ್ಟುಕೊಟ್ಟ ಮೊಬೈಲ್ ನಂಬರನ್ನು ಕನಿಷ್ಠ 90 ದಿನ ತಡೆದಿಟ್ಟು ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ನೀವು ವರ್ಷದ ಹಿಂದೆ ಬಿಟ್ಟ ನಂಬರಿಗೆ ಗೆಳತಿ ಕಳುಹಿಸಿದ್ದರೆ ಆ ಮನೆಯವರ ಮದುವೆಯ ಚಿತ್ರಗಳು ಅಪರಿಚಿತರ ಕೈಯಲ್ಲಿವೆ ಎಂದರ್ಥ. ಇದನ್ನು ಕೂಡಲೇ ತಿಳಿಸುವುದು ಫೋಟೊ ಮತ್ತೆ ಪಡೆಯುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ. ಗೆಳತಿ ಆ ಮೆಸೇಜುಗಳನ್ನು ಎಲ್ಲರಿಗೂ ಅಳಿಸುವ ಅವಕಾಶ ಸುಮಾರು ಎರಡು ದಿನ ಮಾತ್ರ ಇರುತ್ತದೆ.

ಗುಂಪಿನಲ್ಲಿ ಹಾಕಿದ ಫೋಟೊ ಆಗಿದ್ದರೆ ಟಿಕ್ ನೋಡಿ ನಿರ್ಧರಿಸಲಾಗದು. ಗುಂಪಿನ ಎಲ್ಲರಿಗೂ ಮುಟ್ಟಿದ ಮೇಲಷ್ಟೇ ಎರಡನೆಯ ಟಿಕ್ ಬೀಳುತ್ತದೆ. ಕಳುಹಿಸಿದವರು ಆ ಮೆಸೇಜನ್ನು ಒತ್ತಿ ಹಿಡಿದು `Info` ತೆರೆದರೆ ಯಾರ ಯಾರ ಫೋನಿಗೆ ಮುಟ್ಟಿದೆ, ಯಾರು ನೋಡಿದ್ದಾರೆ ಎಂಬ ಪಟ್ಟಿ ಸಿಗುತ್ತದೆ.

ಮಸುಕು ಚೌಕ ಮತ್ತು ಬಾಣ

ನನ್ನ ಚಾಟಿನಲ್ಲಿ ಕಂಡದ್ದು ಹೀಗೆ. 11 ಫೋಟೊಗಳಲ್ಲಿ ಮೊದಲ 7 ಸ್ಪಷ್ಟವಾಗಿ ತೆರೆದುಕೊಂಡವು. 8ನೆಯದರಿಂದ ಕೊನೆಯವರೆಗಿನ 4 ಮಸುಕಾಗಿದ್ದವು, ಪ್ರತಿಯೊಂದರ ನಡುವೆ ಇಳಿಸಿಕೊಳ್ಳುವ ಬಾಣವಿತ್ತು. 8ನೆಯದರಲ್ಲಿ ಒಂದು ಕೆಂಪು ಸೀರೆಯ ಬಣ್ಣ, ಪಕ್ಕದಲ್ಲೊಂದು ಬಿಳಿಯ ಮಚ್ಚೆ. ಆ ಬಿಳಿ ಮಚ್ಚೆ ಅಮ್ಮನ ಮಲ್ಲಿಗೆ ಎಂದು ಊಹಿಸಲು ಸಾಧ್ಯವಾಯಿತು. ಕೆಲವು ಬಂದು ಕೆಲವು ನಿಂತವು ಎಂಬುದೇ ದೊಡ್ಡ ಸುಳಿವು. ನಂಬರ್ ತಪ್ಪಿದ್ದರೆ ಒಂದೂ ಬರುತ್ತಿರಲಿಲ್ಲ. ನೆಟ್‌ವರ್ಕ್ ದುರ್ಬಲವಾಗಿದ್ದರೆ ನಡುವೆ ಅಲ್ಲೊಂದು ಇಲ್ಲೊಂದು ಬಿಟ್ಟುಹೋಗುತ್ತಿತ್ತು, ಮನೆಗೆ ಬಂದ ಮೇಲೆ ಬಾಣ ಒತ್ತಿದರೆ ಇಳಿಯುತ್ತಿತ್ತು. ಒಂದು ಹಂತದವರೆಗೆ ಸರಿಯಾಗಿ ಬಂದು ಆಮೇಲೆ ಎಲ್ಲವೂ ನಿಂತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಫೋನಿನ ಸ್ಟೋರೇಜನ್ನು.

ಸೆಟ್ಟಿಂಗ್ಸಿನಲ್ಲಿ ನೋಡಿದರೆ 64 ಜಿಬಿಯ ಫೋನಿನಲ್ಲಿ 300 ಎಂಬಿಯೂ ಉಳಿದಿರಲಿಲ್ಲ. ಬೆಳಗಿನ ಶುಭಾಶಯಗಳು, ಭೂತಕೋಲದ ವೀಡಿಯೊಗಳು, ಒಂದೇ ಯಕ್ಷಗಾನದ ತುಣುಕು ಮೂರು ಗುಂಪುಗಳಿಂದ, ಇವೆಲ್ಲ ಸೇರಿ ಜಾಗ ತುಂಬಿತ್ತು. ವಾಟ್ಸಾಪಿನ `Manage storage` ಪುಟ ದೊಡ್ಡ ಫೈಲುಗಳನ್ನೂ ಪದೇ ಪದೇ ಫಾರ್ವರ್ಡ್ ಆಗಿ ಬಂದವುಗಳನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಅಲ್ಲಿಂದ ಸುಮಾರು 3 ಜಿಬಿ ಖಾಲಿ ಮಾಡಿದೆ. ಇಲ್ಲಿ ಒಂದು ಎಚ್ಚರ ಅಗತ್ಯ: ಬೇಸರದಿಂದ ಆ ಚಾಟನ್ನೇ ಅಳಿಸಬೇಡಿ, ಮಸುಕು ಚೌಕಗಳನ್ನೂ ಅಳಿಸಬೇಡಿ. ಯಾವ ಫೋಟೊ ಬಂದಿಲ್ಲ, ಯಾವಾಗ ಕಳುಹಿಸಿದ್ದು ಎಂಬುದಕ್ಕೆ ನಿಮ್ಮ ಬಳಿ ಇರುವ ದಾಖಲೆ ಅವೇ.

ಜಾಗ ಮಾಡಿದ ಮೇಲೆ ಬಾಣ ಒತ್ತಿದೆ. ವೃತ್ತ ಒಂದು ಸುತ್ತು ತಿರುಗಿ ನಿಂತಿತು. ಈ ಫೋಟೊ ಈಗ ಲಭ್ಯವಿಲ್ಲ, ಕಳುಹಿಸಿದವರನ್ನು ಮತ್ತೆ ಕಳುಹಿಸಲು ಕೇಳಿ ಎಂಬ ಅರ್ಥದ ಸೂಚನೆ ಬಂತು. ಸರ್ವರು ಫೈಲನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಉಗ್ರಾಣವಲ್ಲ, ದಾಟಿಸುವ ದೋಣಿ ಮಾತ್ರ. 6 ವಾರ ಕಳೆದಿದ್ದರಿಂದ ಅಲ್ಲಿ ಫೈಲು ಉಳಿದಿರಲಿಲ್ಲ. ಅಂದೇ ರಾತ್ರಿ ಜಾಗ ಮಾಡಿ ಬಾಣ ಒತ್ತಿದ್ದರೆ ನಾಲ್ಕೂ ಇಳಿಯುತ್ತಿದ್ದವು.

ಬೇರೆ ಸೂಚನೆ ಬಂದರೆ ಬೇರೆ ಅರ್ಥ. ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ ಎಂದು ಬಂದರೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಒತ್ತಿ ನೋಡಬೇಕು, ಏಕೆಂದರೆ ಕೆಲವು ಕಚೇರಿ, ಹಾಸ್ಟೆಲುಗಳ ವೈಫೈ ಮೆಸೇಜುಗಳನ್ನು ಬಿಟ್ಟು ಫೈಲುಗಳನ್ನು ತಡೆಯುತ್ತದೆ. ಫೋನಿನ ದಿನಾಂಕ ಮತ್ತು ಸಮಯವನ್ನೂ ನೋಡಬೇಕು. ಬ್ಯಾಟರಿ ಪೂರ್ತಿ ಇಳಿದು ಎದ್ದ ಹಳೆಯ ಫೋನಿನಲ್ಲಿ ದಿನಾಂಕ ವರ್ಷಗಳ ಹಿಂದಕ್ಕೆ ಹೋಗಿರುವುದುಂಟು; ದಿನಾಂಕ ತಪ್ಪಿದ್ದರೆ ವಾಟ್ಸಾಪು ಸರ್ವರಿನಿಂದ ಚಿತ್ರಗಳನ್ನು ಇಳಿಸಿಕೊಳ್ಳಲಾರದು.

ಕೊನೆಗೆ ಒಂದು ಪರೀಕ್ಷೆ. ಮಗನಿಗೆ ಹೇಳಿ ಅಡುಗೆಮನೆಯ ಕಿಟಕಿಯ ಫೋಟೊ ಒಂದನ್ನು ತೆಗೆಸಿ ಅವನಿಂದ ನನಗೆ ಕಳುಹಿಸಿಕೊಂಡೆ. ಕ್ಷಣದಲ್ಲಿ ಸ್ಪಷ್ಟವಾಗಿ ಬಂತು. ಇದರಿಂದ ನನ್ನ ಫೋನು ಈಗ ಸರಿಯಿದೆ, ಆ 4 ಫೈಲುಗಳು ಮಾತ್ರ ಹೋಗಿವೆ ಎಂದು ಖಚಿತವಾಯಿತು. ಈ ಪರೀಕ್ಷೆ ಮಾಡದೆ ಮತ್ತೆ ಕಳುಹಿಸಲು ಕೇಳಿದರೆ, ಎರಡನೆಯ ಸಲವೂ ಅದೇ ದೋಷಕ್ಕೆ ಸಿಕ್ಕಿ, ಮೂರನೆಯ ಸಲ ಕೇಳುವ ಸಂಕೋಚ ನಮ್ಮ ಪಾಲಿಗೆ ಉಳಿಯುತ್ತದೆ.

ಲಿಂಕ್ ಬಂದು ಫೋಟೊ ತೆರೆಯದಿದ್ದರೆ

ಮದುವೆಯ ಪೂರ್ತಿ ಆಲ್ಬಮ್ಮನ್ನು ಗೂಗಲ್ ಡ್ರೈವ್ ಲಿಂಕಾಗಿ ಹಂಚುವ ಪದ್ಧತಿ ಈಗ ಹೆಚ್ಚಾಗಿದೆ. ಗೆಳತಿಗೆ ತೆರೆಯುತ್ತದೆ, ನಿಮಗೆ `You need access` ಎಂದು ಬರುತ್ತದೆ. ಇಲ್ಲೂ ಇಬ್ಬರ ಮಾತೂ ನಿಜ: ಲಿಂಕ್ ತಲುಪಿದೆ, ಅನುಮತಿ ತಲುಪಿಲ್ಲ. ಅದೇ ಲಿಂಕನ್ನು ಹತ್ತು ಸಲ ಕಳುಹಿಸಿದರೂ ಪ್ರಯೋಜನವಿಲ್ಲ, ಆದ್ದರಿಂದ ಇಲ್ಲಿ “ಮತ್ತೆ ಕಳುಹಿಸು” ಎಂದು ಬರೆಯುವುದೇ ತಪ್ಪು. ಫೋಲ್ಡರಿನ ಒಡೆಯರು `Share` ತೆರೆದು, `General access` ಎಂಬಲ್ಲಿ `Restricted` ಇರುವುದನ್ನು `Anyone with the link` ಎಂದು ಬದಲಿಸಬೇಕು, ಅಥವಾ ನಿಮ್ಮ ಇಮೇಲ್ ವಿಳಾಸವನ್ನು ಸೇರಿಸಬೇಕು. ಕುಟುಂಬದ ಚಿತ್ರಗಳಿಗೆ ಎರಡನೆಯದೇ ಮೇಲು ಎಂದು ನನ್ನ ಅಭಿಪ್ರಾಯ, ಲಿಂಕ್ ಸಿಕ್ಕಿದವರೆಲ್ಲ ನೋಡುವಂತಾಗಬಾರದು. ಕೇಳುವ ಮುನ್ನ ನಿಮ್ಮ ಫೋನಿನಲ್ಲಿ ಎರಡು ಗೂಗಲ್ ಖಾತೆಗಳಿದ್ದರೆ ಯಾವುದರಿಂದ ತೆರೆಯುತ್ತಿದ್ದೀರಿ ಎಂದು ನೋಡಿಕೊಳ್ಳಿ, ಅನುಮತಿ ಇನ್ನೊಂದು ಖಾತೆಗೆ ಇರಬಹುದು.

ಮೆಸೇಜು

ನನ್ನ ಮೊದಲ ಮೆಸೇಜಿನಲ್ಲಿ ಇದ್ದ ದೋಷ ಇಷ್ಟೇ: “ಬರಲೇ ಇಲ್ಲ” ಎಂಬ ಮಾತು ಗೆಳತಿಗೆ ತನ್ನ ಕಣ್ಣೆದುರಿನ ನೀಲಿ ಟಿಕ್‌ಗೆ ವಿರುದ್ಧವಾಗಿ ಕಂಡಿತು. ಯಾವುದು ಬಂದಿದೆ, ಯಾವುದು ಬಂದಿಲ್ಲ, ನನಗೆ ಏನು ಕಾಣುತ್ತಿದೆ ಎಂದು ಹೇಳದೆ ಇದ್ದುದರಿಂದ ಆಕೆ ನನ್ನನ್ನೇ ಸರಿಯಾಗಿ ನೋಡು ಎಂದದ್ದು ಸಹಜ. ಕೇಳಬೇಕಾದದ್ದು ಗುಂಪಿನಲ್ಲೂ ಅಲ್ಲ. ಗುಂಪಿನಲ್ಲಿ ಕೇಳಿದರೆ ಐದಾರು ಮಂದಿ ತಮ್ಮ ತಮ್ಮ ಫೋಟೊಗಳನ್ನು ಹಾಕುತ್ತಾರೆ, ಬೇಕಾದ ಒಂದು ಅದರಲ್ಲಿ ಇರುವುದಿಲ್ಲ.

ಹೇಗೆ ಕಳುಹಿಸಬೇಕು ಎಂಬುದನ್ನೂ ಅದರಲ್ಲೇ ಹೇಳಬೇಕಿತ್ತು. ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಫೋಟೊವನ್ನು ವಾಟ್ಸಾಪು ಕುಗ್ಗಿಸುತ್ತದೆ, ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿಯುತ್ತದೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂದು ಹಿಡಿದರೆ ಅದು ಐದೂಕಾಲು ಇಂಚಿಗೆ ಸಾಲುತ್ತದೆ, ಗೋಡೆಗೆ ಹಾಕುವ 12 ಇಂಚಿನ ಕಟ್ಟಿಗೆ ಸಾಲದು. ಹಳೆಯ ಮೆಸೇಜನ್ನೇ ಫಾರ್ವರ್ಡ್ ಮಾಡಿದರೆ ಬರುವುದು ಆ ಕುಗ್ಗಿದ ಪ್ರತಿಯೇ. ಗ್ಯಾಲರಿಯ ಮೂಲ ಫೋಟೊವನ್ನು, ಪೇಪರ್ ಕ್ಲಿಪ್ ಗುರುತು ಒತ್ತಿ `Document` ಆಗಿ ಕಳುಹಿಸಿದರೆ ಮಾತ್ರ ಕುಗ್ಗದೆ ಬರುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಮಸುಕು ಚೌಕಗಳ ಒಂದು ಸ್ಕ್ರೀನ್‌ಶಾಟ್ ಜೊತೆಗಿಟ್ಟು, ಎರಡನೆಯ ಸಲ ಹೀಗೆ ಬರೆದೆ:

> ಮದುವೆಯ ಸಂಜೆ ನೀನು ಕಳುಹಿಸಿದ 11 ಫೋಟೊಗಳಲ್ಲಿ ಮೊದಲ 7 ಬಂದಿವೆ, ಕೊನೆಯ 4 ಇಳಿದಿಲ್ಲ. ನಾನು ಚಾಟ್ ತೆರೆದಿದ್ದೆ, ಹಾಗಾಗಿ ನಿನಗೆ ನೀಲಿ ಟಿಕ್ ಕಾಣುವುದು ಸರಿ. ಆದರೆ ಆಗ ನನ್ನ ಫೋನಿನಲ್ಲಿ ಜಾಗ ಇರಲಿಲ್ಲ, ಈಗ ಒತ್ತಿದರೆ ಫೋಟೊ ಲಭ್ಯವಿಲ್ಲ ಎಂದು ಬರುತ್ತದೆ. ಜಾಗ ಮಾಡಿ ಪರೀಕ್ಷೆ ಮಾಡಿದ್ದೇನೆ, ಬೇರೆ ಫೋಟೊ ಬರುತ್ತಿದೆ. ನನಗೆ ಮುಖ್ಯವಾಗಿ ಬೇಕಾದದ್ದು 8ನೆಯದು, ಧಾರೆ ಆದ ಮೇಲೆ ನಿನ್ನ ತಂಗಿ ಅಮ್ಮನ ಕೈ ಹಿಡಿದು ನಿಂತದ್ದು. ಅದನ್ನು ಫಾರ್ವರ್ಡ್ ಮಾಡದೆ ನಿನ್ನ ಗ್ಯಾಲರಿಯಿಂದ ಡಾಕ್ಯುಮೆಂಟ್ ಆಗಿ ಕಳುಹಿಸುತ್ತೀಯಾ ಮಾರಾಯ್ತಿ? ಅಮ್ಮನಿಗೆ ಕಟ್ಟು ಹಾಕಿಸಲಿಕ್ಕೆ. ಪುರುಸೊತ್ತು ಆದಾಗ ಸಾಕು.

ಹಿರಿಯರಿಗೆ ಬರೆಯುವುದಾದರೆ “ನೀವು” ಎಂದು ಬದಲಿಸಿ, ಟಿಕ್ಕಿನ ವಿವರಣೆಯನ್ನು ಬಿಟ್ಟು, ತಪ್ಪು ನಮ್ಮ ಫೋನಿನದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಾಕ್ಯುಮೆಂಟ್ ಎಂಬುದು ಅವರಿಗೆ ಕಷ್ಟವಾದರೆ ಕಳುಹಿಸುವ ಮುನ್ನ ಮೇಲ್ಗಡೆ ಕಾಣುವ `HD` ಒತ್ತಲು ಹೇಳಬಹುದು. ಅದು ಮೂಲದಷ್ಟು ಅಲ್ಲದಿದ್ದರೂ ಸಾಮಾನ್ಯ ರೀತಿಗಿಂತ ಮೇಲು.

ಬಂದದ್ದನ್ನು ಪರೀಕ್ಷಿಸುವುದು

ಡಾಕ್ಯುಮೆಂಟ್ ಆಗಿ ಬಂದ ಫೈಲನ್ನು ತೆರೆಯುವ ಮುನ್ನ ಹೆಸರಿನ ಕೊನೆಯ ಅಕ್ಷರಗಳನ್ನು ಓದಲೇಬೇಕು. `.jpg` ಅಥವಾ `.jpeg` ಇದ್ದರೆ ಫೋಟೊ. `.heic` ಇದ್ದರೆ ಹೆಚ್ಚಾಗಿ ಐಫೋನಿನಲ್ಲಿ ತೆಗೆದ ಫೋಟೊ, ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಅದು ತೆರೆಯದೆ ಹೋಗಬಹುದು. ಆಗ ಫೈಲು ಕೆಟ್ಟಿದೆ ಎಂದುಕೊಳ್ಳದೆ `.jpg` ಆಗಿ ಕಳುಹಿಸಲು ಕೇಳಿದರೆ ಸಾಕು. `.apk` ಇದ್ದರೆ ಅದು ಯಾರಿಂದ ಬಂದಿದ್ದರೂ ಮುಟ್ಟಬೇಡಿ. ಮದುವೆಯ ಆಮಂತ್ರಣ ಅಥವಾ ಫೋಟೊ ಎಂಬ ಹೆಸರಿನಲ್ಲಿ ಇಂಥ ಫೈಲುಗಳನ್ನು ಕಳುಹಿಸಿ ಬ್ಯಾಂಕ್ ಖಾತೆಯಿಂದ ಹಣ ಕದಿಯುವ ವಂಚನೆಗಳು ನಡೆಯುತ್ತಿವೆ, ಮತ್ತು ಅವು ಎಷ್ಟೋ ಸಲ ನಮ್ಮವರದೇ ಕದ್ದ ಖಾತೆಯಿಂದ ಬರುತ್ತವೆ. ಫೋಟೊ ಯಾವತ್ತೂ ಆ್ಯಪ್ ಆಗಿ ಬರುವುದಿಲ್ಲ. ನಾವೇ ಡಾಕ್ಯುಮೆಂಟ್ ಕಳುಹಿಸಿ ಎಂದು ಕೇಳಿ ಕಾಯುತ್ತಿರುವಾಗ ಕೈ ತಾನಾಗಿ ಒತ್ತಿಬಿಡುತ್ತದೆ, ಆದ್ದರಿಂದ ಆಗಲೇ ಹೆಚ್ಚು ಎಚ್ಚರ ಬೇಕು.

ಗೆಳತಿಯ ಫೈಲು ಮರುದಿನ ಬೆಳಿಗ್ಗೆ ಬಂತು, ಹೆಸರಿನ ಕೊನೆಯಲ್ಲಿ `.jpg`, ಗಾತ್ರ 4 ಎಂಬಿಗಿಂತ ಸ್ವಲ್ಪ ಹೆಚ್ಚು. ಮೊದಲು ಬಂದಿದ್ದ 7 ಫೋಟೊಗಳು ಒಂದೊಂದೂ 200ರಿಂದ 300 ಕೆಬಿ ಇದ್ದವು. ಮೂಲ ಪ್ರತಿ ಬಂದಿದೆ ಎಂದು ತಿಳಿಯಲು ಈ ವ್ಯತ್ಯಾಸವೇ ಸಾಕು. ವಿವರಗಳಲ್ಲಿ 4000 ಮತ್ತು 3000 ಪಿಕ್ಸೆಲ್ ಎಂದಿತ್ತು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಆ ಬಿಳಿ ಮಚ್ಚೆ ಇದ್ದಲ್ಲಿ ಮಲ್ಲಿಗೆ ಮೊಗ್ಗುಗಳನ್ನು ಬಾಳೆನಾರಿನಿಂದ ಬಿಗಿದ ಗಂಟು ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು. “ಬಂತು, ಸರಿಯಾಗಿ ತೆರೆಯಿತು” ಎಂದು ಆಕೆಗೆ ಬರೆದೆ, ಏಕೆಂದರೆ ಈ ಸಲವೂ ಆಕೆಗೆ ಕಾಣುವುದು ಬರೀ ಎರಡು ನೀಲಿ ಟಿಕ್. ಆಮೇಲೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಸ್ಟುಡಿಯೊಗೆ ಕೊಟ್ಟೆ.